‘ಜವಾಬ್ದಾರಿ ಹೊತ್ತಿದ್ದೆ’ ಅಂದರೆ ಏನು ಮಾಡಿದಿರಿ?

ಪದವಿಯ ಅಂತಿಮ ವರ್ಷದ ಒಂದು ತರಗತಿಯ ರೆಸ್ಯೂಮೆಗಳನ್ನೆಲ್ಲ ಒಟ್ಟು ಮಾಡಿ, ಹೆಸರು ಮತ್ತು ಫೋಟೋ ಇರುವ ಮೇಲ್ಭಾಗವನ್ನು ಮಡಚಿ, ಕಲಸಿ, ಅದೇ ತರಗತಿಗೆ ಹಂಚಿ ನೋಡಿ. ನಿಮ್ಮದು ಯಾವುದು ಹುಡುಕಿಕೊಳ್ಳಿ ಎಂದರೆ ಅರ್ಧ ಜನ ತಡಬಡಾಯಿಸುತ್ತಾರೆ. ರೆಸ್ಯೂಮೆ ಕಾರ್ಯಾಗಾರಕ್ಕೆಂದು ಕರೆದ ಕಡೆಯಲ್ಲೆಲ್ಲ ನಾನು ಶುರು ಮಾಡುವುದು ಈ ಆಟದಿಂದ. ಎಲ್ಲರಿಗೂ ‘ಸವಾಲಿನ ವಾತಾವರಣದಲ್ಲಿ ಕೆಲಸ ಮಾಡಿ ಸಂಸ್ಥೆಯ ಬೆಳವಣಿಗೆಗೆ ಕೊಡುಗೆ ನೀಡುವ’ ಒಂದೇ ಗುರಿ. ಎಲ್ಲರೂ ಶ್ರಮಜೀವಿಗಳು, ಬೇಗ ಕಲಿಯುವವರು, ತಂಡದೊಂದಿಗೆ ಹೊಂದಿಕೊಳ್ಳುವವರು. ಎಲ್ಲರ ಹವ್ಯಾಸವೂ ಸಂಗೀತ ಕೇಳುವುದು. ಕೊನೆಯಲ್ಲಿ ‘ಮೇಲಿನ ಮಾಹಿತಿಯೆಲ್ಲ ಸತ್ಯವೆಂದು ಈ ಮೂಲಕ ಘೋಷಿಸುತ್ತೇನೆ’ ಎಂಬ ಅಫಿಡವಿಟ್ಟು, ಕೆಳಗೆ ಸ್ಥಳ, ದಿನಾಂಕ.

ಇದಕ್ಕೆ ಮಕ್ಕಳನ್ನು ಬೈಯುವುದು ಸುಲಭ. ಆದರೆ ನಡೆದಿರುವುದು ಇಷ್ಟೇ: ಹಿಂದಿನ ವರ್ಷದ ಯಾರೋ ಸೀನಿಯರ್ ಕೊಟ್ಟ ಒಂದು ವರ್ಡ್ ಫೈಲು ವಾಟ್ಸಾಪ್ ಗುಂಪಿನಲ್ಲಿ ಹರಿದಾಡಿದೆ, ಎಲ್ಲರೂ ಅದರಲ್ಲಿ ಹೆಸರು, ಅಂಕ ಬದಲಾಯಿಸಿದ್ದಾರೆ. ಆ ಸೀನಿಯರಿಗೂ ಅದು ಇನ್ನೊಬ್ಬ ಸೀನಿಯರಿಂದ ಬಂದದ್ದು.

ಹೊಸದಾಗಿ ಪದವಿ ಮುಗಿಸಿದವರ ರೆಸ್ಯೂಮೆಯನ್ನು ಯಾರು, ಯಾವಾಗ, ಹೇಗೆ ಓದುತ್ತಾರೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಕ್ಯಾಂಪಸ್ ನೇಮಕಾತಿಯಲ್ಲಿ ಮೊದಲ ಜರಡಿ ರೆಸ್ಯೂಮೆಯಲ್ಲ. ಹತ್ತನೇ ತರಗತಿ, ಪಿಯುಸಿ, ಪದವಿ ಮೂರರಲ್ಲೂ ಇಂತಿಷ್ಟು ಅಂಕ, ಬಾಕಿ ವಿಷಯ ಇರಬಾರದು ಎಂಬ ಷರತ್ತಿನ ಮೇಲೆ ಪ್ಲೇಸ್‌ಮೆಂಟ್ ಕಚೇರಿಯ ಎಕ್ಸೆಲ್ ಹಾಳೆಯಲ್ಲೇ ಒಂದಷ್ಟು ಹೆಸರು ಉದುರುತ್ತವೆ. ಎರಡನೆಯದು ಆನ್‌ಲೈನ್ ಪರೀಕ್ಷೆ. ಅದರಲ್ಲೂ ರೆಸ್ಯೂಮೆಗೆ ಕೆಲಸವಿಲ್ಲ. ಆಮೇಲೆ ಸಂದರ್ಶನ. ಬೆಳಗಿನಿಂದ ಹತ್ತಾರು ಜನರನ್ನು ಮಾತಾಡಿಸಿ ದಣಿದವರೊಬ್ಬರು ನೀವು ಒಳಗೆ ಬಂದು ಕುಳಿತ ಮೇಲೆಯೇ ನಿಮ್ಮ ಹಾಳೆಯನ್ನು ಕೈಗೆತ್ತಿಕೊಳ್ಳುತ್ತಾರೆ. ಕಣ್ಣು ಮೇಲಿಂದ ಕೆಳಗೆ ಒಮ್ಮೆ ಓಡುತ್ತದೆ, ಎಲ್ಲೋ ಒಂದು ಕಡೆ ನಿಲ್ಲುತ್ತದೆ. ನಿಂತ ಕಡೆಯಿಂದ ಮೊದಲ ಪ್ರಶ್ನೆ ಹುಟ್ಟುತ್ತದೆ. ಹೀಗಾಗಿ ಫ್ರೆಶರ್‌ಗೆ ರೆಸ್ಯೂಮೆ ಎಂಬುದು ತನ್ನ ಪರೀಕ್ಷೆಗೆ ತಾನೇ ಬರೆದುಕೊಳ್ಳುವ ಪ್ರಶ್ನೆಪತ್ರಿಕೆ. ಉತ್ತರ ಗೊತ್ತಿರುವ ಪ್ರಶ್ನೆಗಳನ್ನು ಅದರಲ್ಲಿ ಇಡಬಹುದು, ಗೊತ್ತಿಲ್ಲದ್ದನ್ನೂ ಇಟ್ಟುಕೊಂಡು ಸಿಕ್ಕಿಬೀಳಬಹುದು. ಕಣ್ಣು ಎಲ್ಲಿಯೂ ನಿಲ್ಲದಿದ್ದರೆ ‘ನಿಮ್ಮ ಬಗ್ಗೆ ಹೇಳಿ’ ಎಂಬ ಪ್ರಶ್ನೆ ಬರುತ್ತದೆ. ಅದು ಎಲ್ಲಕ್ಕಿಂತ ಕಷ್ಟದ್ದು.

ಆದ್ದರಿಂದ ಕಾರ್ಯಾಗಾರದ ಹೆಚ್ಚಿನ ಹೊತ್ತು ನಾವು ವಿನ್ಯಾಸ, ಬಣ್ಣ, ಅಕ್ಷರಗಳ ಗೊಡವೆಗೆ ಹೋಗುವುದಿಲ್ಲ. ಚುಕ್ಕಿ ಇಟ್ಟು ಬರೆಯುವ ಸಾಲುಗಳನ್ನು, ಅಂದರೆ ಬುಲೆಟ್ ಪಾಯಿಂಟ್‌ಗಳನ್ನು ಹಿಡಿದು ಕೂರುತ್ತೇವೆ. ಅದೂ ಒಬ್ಬರಿಗೆ ಒಂದೇ ಸಾಲು. ರೆಸ್ಯೂಮೆ ಕೊನೆಗೆ ಇಂಗ್ಲಿಷಿನಲ್ಲೇ ಹೋಗಬೇಕು, ನಿಜ. ಆದರೆ ಮೊದಲ ಕರಡನ್ನು ನಾನು ಕನ್ನಡದಲ್ಲೇ ಬರೆಸುವುದು. ಇಂಗ್ಲಿಷಿಗೆ ಕೈ ಹಾಕಿದ ತಕ್ಷಣ ಸೀನಿಯರಿನ ಫೈಲಿನ ಭಾಷೆ ನೆನಪಿಗೆ ಬರುತ್ತದೆ, ಮಾಡಿದ ಕೆಲಸ ಮರೆತುಹೋಗುತ್ತದೆ. ಕೆಳಗಿನ ಉದಾಹರಣೆಗಳೂ ಹಾಗೆ ಕನ್ನಡದಲ್ಲೇ ಇವೆ. ಇವು ಒಬ್ಬೊಬ್ಬ ವಿದ್ಯಾರ್ಥಿಯದ್ದಲ್ಲ, ಹಲವರ ಸಾಲುಗಳನ್ನು ಬೆರೆಸಿ ಮಾಡಿಕೊಂಡವು.

ಬಿಕಾಂ ಹುಡುಗಿಯೊಬ್ಬಳನ್ನು ತೆಗೆದುಕೊಳ್ಳೋಣ. ಊರಿನ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಮೂರು ತಿಂಗಳು ಇಂಟರ್ನ್‌ಶಿಪ್ ಮಾಡಿದ್ದಾಳೆ. ಅವಳ ರೆಸ್ಯೂಮೆಯಲ್ಲಿ ಆ ಮೂರು ತಿಂಗಳಿಗೆ ಸಿಕ್ಕಿರುವುದು ಒಂದೇ ಸಾಲು.

ಮೊದಲು: *ಜಿಎಸ್‌ಟಿ ಮತ್ತು ಲೆಕ್ಕಪತ್ರಗಳ ನಿರ್ವಹಣೆಯ ಜವಾಬ್ದಾರಿ ಹೊತ್ತಿದ್ದೆ.*

ಈ ಸಾಲಿನಲ್ಲಿ ಸುಳ್ಳಿಲ್ಲ, ಆದರೆ ಸುದ್ದಿಯೂ ಇಲ್ಲ. ಅದೇ ಕಚೇರಿಯ ಹಿರಿಯ ಗುಮಾಸ್ತರೂ ಹೀಗೇ ಬರೆಯಬಹುದು, ಒಂದು ದಿನ ಹೋಗಿ ಟೀ ಕುಡಿದು ಬಂದವರೂ ಬರೆಯಬಹುದು. ಜವಾಬ್ದಾರಿ ಎಂಬುದು ಇನ್ನೊಬ್ಬರು ನಮಗೆ ವಹಿಸಿದ್ದು. ನಾವು ಅದನ್ನು ಮಾಡಿದೆವೋ ಇಲ್ಲವೋ ಸಾಲು ಹೇಳುತ್ತಿಲ್ಲ. ಇಲ್ಲಿಂದ ಮುಂದೆ ಪೆನ್ನು ಕೆಳಗಿಟ್ಟು ಬರೀ ಮಾತು.

“ಬೆಳಿಗ್ಗೆ ಹೋಗಿ ಕೂತ ಮೇಲೆ ಕೈಯಲ್ಲಿ ಏನು ಮಾಡ್ತಿದ್ರಿ?”

“ಪಾರ್ಟಿಗಳು ಬಿಲ್ ತಂದು ಕೊಡ್ತಿದ್ರು ಸರ್. ಅದನ್ನ ಟ್ಯಾಲಿಯಲ್ಲಿ ಎಂಟ್ರಿ ಮಾಡ್ತಿದ್ದೆ.”

“ಎಷ್ಟು ಪಾರ್ಟಿ?”

“ನನಗೆ ಕೊಟ್ಟಿದ್ದು ಹದಿನಾಲ್ಕು. ಹೆಚ್ಚಿನವರು ಹಾರ್ಡ್‌ವೇರ್ ಅಂಗಡಿ, ಮೆಡಿಕಲ್ ಶಾಪು.”

“ತಿಂಗಳಿಗೆ ಎಷ್ಟು ಬಿಲ್ ಬರ್ತಿತ್ತು?”

“ಲೆಕ್ಕ ಇಟ್ಟಿಲ್ಲ ಸರ್... ಒಬ್ಬೊಬ್ಬರದು ಮೂವತ್ತು, ಐವತ್ತು ಇರ್ತಿತ್ತು. ಒಟ್ಟು ಐನೂರರ ಮೇಲೇ.”

“ಎಂಟ್ರಿ ಆದ ಮೇಲೆ?”

“2ಬಿ ಜೊತೆ ತಾಳೆ ನೋಡಬೇಕಿತ್ತು.”

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಅವಳ ನಿಜವಾದ ಕೆಲಸ ಇಲ್ಲಿದೆ. ವ್ಯಾಪಾರಿಯೊಬ್ಬ ಸರಕು ಕೊಂಡಾಗ ಕಟ್ಟಿದ ಜಿಎಸ್‌ಟಿಯನ್ನು, ತಾನು ಮಾರಿದಾಗ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಆದರೆ ತನ್ನ ಕೈಯಲ್ಲಿ ಬಿಲ್ ಇದ್ದರಷ್ಟೇ ಸಾಲದು. ಮಾರಿದವನು ಆ ಬಿಲ್ಲನ್ನು ತನ್ನ ರಿಟರ್ನ್‌ನಲ್ಲಿ ತೋರಿಸಿರಬೇಕು. ಹಾಗೆ ತೋರಿಸಿದ ಬಿಲ್ಲುಗಳ ಪಟ್ಟಿಯನ್ನು ಪೋರ್ಟಲ್ ಪ್ರತಿ ತಿಂಗಳು 14ರ ಹೊತ್ತಿಗೆ ತಯಾರಿಸುತ್ತದೆ. ಅದೇ ಜಿಎಸ್‌ಟಿಆರ್-2ಬಿ. ತಿಂಗಳ ರಿಟರ್ನ್ ಕಟ್ಟುವವರಿಗೆ ಕೊನೆಯ ದಿನ ಸಾಮಾನ್ಯವಾಗಿ 20. ನಡುವೆ ಉಳಿಯುವ ಐದಾರು ದಿನದಲ್ಲಿ ಅಂಗಡಿಯ ಖರೀದಿ ಪಟ್ಟಿಯನ್ನೂ ಪೋರ್ಟಲ್ಲಿನ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಹೊಂದದ ಬಿಲ್ಲುಗಳನ್ನು ಹೆಕ್ಕಬೇಕು. ಬಿಲ್ ಬಿಟ್ಟುಹೋದರೆ ಅಂಗಡಿಯವನಿಗೆ ನಷ್ಟ. ಪಟ್ಟಿಯಲ್ಲಿ ಇಲ್ಲದ್ದನ್ನು ಕಳೆದುಕೊಂಡರೆ ಮುಂದೆ ನೋಟಿಸು.

“ಹೊಂದದ ಬಿಲ್ ಯಾಕೆ ಬರ್ತಿತ್ತು?” ಎಂದು ಕೇಳಿದರೆ ಹುಡುಗಿಯ ದನಿಯೇ ಬದಲಾಗುತ್ತದೆ. “ಅರ್ಧಕ್ಕರ್ಧ ಬಿಲ್ ನಂಬರಿನ ತೊಂದರೆ ಸರ್. ಅವರು ಸೊನ್ನೆ ಸೊನ್ನೆ ನಲವತ್ತೈದು ಅಂತ ಹಾಕಿರ್ತಾರೆ, ನಾವು ಬರೀ ನಲವತ್ತೈದು ಅಂತ ಎಂಟ್ರಿ ಮಾಡಿರ್ತೀವಿ. ಕೆಲವರು ಮಧ್ಯೆ ಅಡ್ಡಗೆರೆ ಹಾಕ್ತಾರೆ. ಬಿಲ್ ಒಂದೇ, ಆದ್ರೆ ಎಕ್ಸೆಲ್ ಬೇರೆ ಅನ್ನುತ್ತೆ. ಅದಕ್ಕೆ ನಾನು ಎರಡೂ ಕಡೆ ಅಡ್ಡಗೆರೆ, ಮುಂದಿನ ಸೊನ್ನೆ ತೆಗೆಯೋ ಫಾರ್ಮುಲಾ ಹಾಕಿ ಆಮೇಲೆ ಹೋಲಿಸ್ತಿದ್ದೆ. ಮೊದಲು ಒಬ್ಬ ಪಾರ್ಟಿದು ಮುಗಿಯೋಕೆ ಮಧ್ಯಾಹ್ನ ಆಗ್ತಿತ್ತು, ಆಮೇಲೆ ಒಂದು ಗಂಟೆ.”

ಮೂರು ತಿಂಗಳು ಮಾಡಿದ ಕೆಲಸ ಇದು. ರೆಸ್ಯೂಮೆಯಲ್ಲಿ ಇದರ ಸುಳಿವೂ ಇರಲಿಲ್ಲ. ಯಾಕೆ ಬರೆಯಲಿಲ್ಲ ಎಂದರೆ “ಅದು ಸಣ್ಣ ಕೆಲಸ ಅಲ್ವಾ ಸರ್” ಎನ್ನುತ್ತಾರೆ. ಎಲ್ಲ ಕಾಲೇಜುಗಳಲ್ಲೂ ಇದೇ ಉತ್ತರ.

ಈಗ ಸಾಲು ಬರೆಯುವುದು. ಮೊದಲ ಯತ್ನದಲ್ಲಿ ಅವಳು ಎಲ್ಲವನ್ನೂ ತುರುಕುತ್ತಾಳೆ, ನಾಲ್ಕು ಸಾಲಿನ ಪ್ಯಾರಾ ಆಗುತ್ತದೆ. ಎರಡಾಗಿ ಒಡೆಯುತ್ತೇವೆ. ಒಂದು ಸಾಲಿಗೆ ಒಂದು ಕೆಲಸ.

ಆಮೇಲೆ: *14 ಸಣ್ಣ ವ್ಯಾಪಾರಿಗಳ ಖರೀದಿ ಬಿಲ್‌ಗಳನ್ನು (ತಿಂಗಳಿಗೆ ಸುಮಾರು 500) ಟ್ಯಾಲಿಯಲ್ಲಿ ದಾಖಲಿಸಿ, ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡಿ, ಹೊಂದದ ಬಿಲ್‌ಗಳ ಪಟ್ಟಿಯನ್ನು ರಿಟರ್ನ್ ಗಡುವಿನ ಮೊದಲು ಲೆಕ್ಕಪರಿಶೋಧಕರಿಗೆ ಒಪ್ಪಿಸಿದೆ.*

*ಬಿಲ್ ನಂಬರಿನ ಬರವಣಿಗೆಯ ವ್ಯತ್ಯಾಸದಿಂದ ಆಗುತ್ತಿದ್ದ ಸುಳ್ಳು ತಾಳೆತಪ್ಪುಗಳನ್ನು ಎಕ್ಸೆಲ್ ಸೂತ್ರದಿಂದ ನಿವಾರಿಸಿದೆ; ಒಬ್ಬ ವ್ಯಾಪಾರಿಯ ತಾಳೆಗೆ ಹಿಡಿಯುತ್ತಿದ್ದ ಅರ್ಧ ದಿನದ ಕೆಲಸ ಸುಮಾರು ಒಂದು ಗಂಟೆಗೆ ಇಳಿಯಿತು.*

ಎರಡನೆಯ ಸಾಲನ್ನು ಓದಿದ ಯಾವ ಲೆಕ್ಕಪತ್ರ ವ್ಯವಸ್ಥಾಪಕರೂ ‘ಹೇಗೆ ನಿವಾರಿಸಿದಿರಿ?’ ಎಂದು ಕೇಳದೆ ಬಿಡುವುದಿಲ್ಲ. ಅದು ಅವರಿಗೂ ದಿನನಿತ್ಯದ ತಲೆನೋವು. ಅವಳಿಗೆ ಉತ್ತರ ಬಾಯಿಪಾಠ ಮಾಡಬೇಕಿಲ್ಲ, ಮಾಡಿದ್ದನ್ನು ಹೇಳಿದರಾಯಿತು. ‘ಮಾರಿದವನು ರಿಟರ್ನ್ ಕಟ್ಟೇ ಇರದಿದ್ದರೆ ಏನು ಮಾಡುತ್ತಿದ್ದಿರಿ?’ ಎಂಬ ಮುಂದಿನ ಪ್ರಶ್ನೆಯೂ ಅಷ್ಟೇ ಖಚಿತವಾಗಿ ಬರುತ್ತದೆ. ಅದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಸಂದರ್ಶನಕ್ಕೆ ಮೊದಲೇ ಆ ಕಚೇರಿಗೆ ಒಂದು ಫೋನು ಮಾಡಿ ತಿಳಿದುಕೊಳ್ಳಬಹುದು. ಸಾಲಿನಲ್ಲಿ ಏನು ಬಿಟ್ಟಿದ್ದೇವೆ ಎಂಬುದನ್ನೂ ಗಮನಿಸಿ. ಆ ಹದಿನಾಲ್ಕು ಅಂಗಡಿಗಳ ಹೆಸರಿಲ್ಲ, ವಹಿವಾಟಿನ ಮೊತ್ತವಿಲ್ಲ. ಅವು ಕಚೇರಿಯವರು ನಂಬಿ ಕೊಟ್ಟ ಕಾಗದಗಳು. ಹಳೆಯ ಕಚೇರಿಯ ಗಿರಾಕಿಗಳ ಹೆಸರನ್ನು ರೆಸ್ಯೂಮೆಯಲ್ಲಿ ಹಾಕಿದವರು ನಾಳೆ ನಮ್ಮದನ್ನೂ ಹಾಕುತ್ತಾರೆ ಎಂದು ಓದುವವರು ಲೆಕ್ಕ ಹಾಕುತ್ತಾರೆ.

ಇಂಥ ಸಾಲಿಗೆ ಒಂದು ಸೂತ್ರ ಪ್ರಸಿದ್ಧವಾಗಿದೆ. ಗೂಗಲ್ ಕಂಪನಿಯಲ್ಲಿ ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೋ ಬಾಕ್ ಹೇಳಿದ್ದು: ಏನನ್ನು ಸಾಧಿಸಿದಿರಿ, ಅದನ್ನು ಯಾವುದರಿಂದ ಅಳೆಯಬಹುದು, ಏನು ಮಾಡಿ ಸಾಧಿಸಿದಿರಿ ಎಂಬ ಮೂರೂ ಒಂದೇ ಸಾಲಿನಲ್ಲಿ ಇರಲಿ. ಒಳ್ಳೆಯ ಸೂತ್ರವೇ. ಆದರೆ ಫ್ರೆಶರ್‌ಗಳ ಕೈಯಲ್ಲಿ ಅದು ಬೇಗ ಕೆಡುತ್ತದೆ. ಅಳತೆ ಬೇಕು ಎಂದ ಕೂಡಲೇ ಶೇಕಡಾವಾರು ಹುಟ್ಟಿಕೊಳ್ಳುತ್ತದೆ. ನಮ್ಮ ಬಿಕಾಂ ಹುಡುಗಿಯ ಪಕ್ಕದಲ್ಲೇ ಕೂತವನು ತನ್ನ ಸಾಲನ್ನು ‘ಸುಧಾರಿಸಿದ’ ಬಗೆ ಇದು:

*ನವೀನ ತಂತ್ರಗಳ ಮೂಲಕ ಜಿಎಸ್‌ಟಿ ಸಲ್ಲಿಕೆಯ ದಕ್ಷತೆಯನ್ನು 40% ಹೆಚ್ಚಿಸಿದೆ.*

ಯಾವುದರ ನಲವತ್ತು ಭಾಗ? ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು, ಅಳೆದವರು ಯಾರು? ದಕ್ಷತೆಯನ್ನು ಯಾವ ಮಾಪನದಿಂದ ನೋಡಿದಿರಿ? ಈ ಮೂರು ಪ್ರಶ್ನೆಗೆ ಅವನಲ್ಲಿ ಉತ್ತರವಿಲ್ಲ. ಸಂದರ್ಶಕರು ಮೂರನ್ನೂ ಕೇಳುತ್ತಾರೆ, ಮತ್ತು ಈ ಒಂದು ಸಾಲು ಬಿದ್ದರೆ ಹಾಳೆಯಲ್ಲಿರುವ ಉಳಿದ ನಿಜಗಳ ಮೇಲೂ ಅನುಮಾನ ಬರುತ್ತದೆ. ಹಿಂದಿನ ದುರ್ಬಲ ಸಾಲಿನಲ್ಲಿ ಕನಿಷ್ಠ ಪಕ್ಷ ಸುಳ್ಳಿರಲಿಲ್ಲ. ಇದರಲ್ಲಿ ಅದೂ ಸೇರಿಕೊಂಡಿತು. ನನ್ನನ್ನು ಕೇಳಿದರೆ ಇದಕ್ಕಿಂತ ‘ಜವಾಬ್ದಾರಿ ಹೊತ್ತಿದ್ದೆ’ಯೇ ವಾಸಿ.

ಶೇಕಡಾವಾರು ಹುಡುಕುವ ಬದಲು ಎಣಿಸಲು ಸಿಗುವುದನ್ನು ಎಣಿಸಿ ಎನ್ನುತ್ತೇನೆ. ಎಷ್ಟು ಬಿಲ್, ಎಷ್ಟು ಜನ, ವಾರಕ್ಕೆ ಎಷ್ಟು ಸಲ, ಎಷ್ಟು ದಿನದಲ್ಲಿ. ನೆನಪಿನಿಂದ ಹೇಳುವ ಅಂಕಿಗೆ ‘ಸುಮಾರು’ ಸೇರಿಸಬೇಕು, ಅದರಲ್ಲಿ ನಾಚಿಕೆಯಿಲ್ಲ. ಅಂಕಿ ಸಿಗದಿದ್ದರೆ ಬಿಡಿ, ಕೆಲಸದ ಹೆಸರನ್ನು ಬಿಡಿಸಿ ಹೇಳಿದರೂ ಸಾಲು ಗಟ್ಟಿಯಾಗುತ್ತದೆ. ‘ಲೆಕ್ಕಪತ್ರ ನಿರ್ವಹಣೆ’ಗಿಂತ ‘ಬ್ಯಾಂಕ್ ಸ್ಟೇಟ್‌ಮೆಂಟಿನ ಜೊತೆ ನಗದು ಪುಸ್ತಕ ತಾಳೆ ನೋಡಿದೆ’ ಎಂಬುದರಲ್ಲಿ ಒಂದು ಅಂಕಿಯೂ ಇಲ್ಲ, ಆದರೂ ಕೆಲಸ ಕಣ್ಣಿಗೆ ಕಾಣುತ್ತದೆ.

ಎಂಜಿನಿಯರಿಂಗ್ ಕಾಲೇಜಿಗೆ ಬಂದರೆ ರೋಗ ಬೇರೆ. ಇಲ್ಲಿ ಅಂಕಿಗಳಿಗೆ ಬರವಿಲ್ಲ. ಕಡೆಯ ವರ್ಷದ ಪ್ರಾಜೆಕ್ಟ್ ಬಗ್ಗೆ ಇಂಥ ಸಾಲು ಎಷ್ಟೋ ರೆಸ್ಯೂಮೆಗಳಲ್ಲಿದೆ:

ಮೊದಲು: *ಮಶೀನ್ ಲರ್ನಿಂಗ್ ಬಳಸಿ ಸಸ್ಯರೋಗ ಪತ್ತೆ ಮಾಡುವ ವ್ಯವಸ್ಥೆಯನ್ನು ಅಭಿವೃದ್ಧಿಪಡಿಸಲಾಯಿತು. ನಿಖರತೆ 98%.*

ಅಭಿವೃದ್ಧಿಪಡಿಸಲಾಯಿತು, ಸರಿ. ಯಾರಿಂದ? ಇಂಥ ಪ್ರಾಜೆಕ್ಟಿನಲ್ಲಿ ಸಾಮಾನ್ಯವಾಗಿ ನಾಲ್ಕು ಜನ ಇರುತ್ತಾರೆ. ಒಬ್ಬ ಕೋಡ್ ಬರೆದಿರುತ್ತಾನೆ, ಒಬ್ಬಳು ವರದಿ, ಒಬ್ಬ ಪವರ್‌ಪಾಯಿಂಟ್, ಮತ್ತೊಬ್ಬ ಬೈಂಡಿಂಗ್ ಮಾಡಿಸಿಕೊಂಡು ಬಂದಿರುತ್ತಾನೆ. ನಾಲ್ವರ ರೆಸ್ಯೂಮೆಯಲ್ಲೂ ಇದೇ ಸಾಲು. ನಾಲ್ವರೂ ಒಂದೇ ಕಂಪನಿಯ ಸಂದರ್ಶನಕ್ಕೆ ಒಂದೇ ದಿನ ಬಂದಿರುತ್ತಾರೆ ಎಂಬುದನ್ನು ಮರೆಯುತ್ತಾರೆ. ಮೇಜಿನ ಆಚೆ ಕೂತವರಿಗೆ ಎರಡನೆಯ ಹಾಳೆಯಲ್ಲೇ ಗೊತ್ತಾಗುತ್ತದೆ.

ಇನ್ನು ಆ 98%. ಇಂಥ ಪ್ರಾಜೆಕ್ಟುಗಳಲ್ಲಿ ಬಹಳಷ್ಟು ಬಳಸುವುದು ಪ್ಲಾಂಟ್‌ವಿಲೇಜ್ ಎಂಬ ಮುಕ್ತ ಚಿತ್ರಸಂಗ್ರಹವನ್ನು. ಅದರಲ್ಲಿ 54 ಸಾವಿರಕ್ಕೂ ಹೆಚ್ಚು ಎಲೆಗಳ ಚಿತ್ರಗಳಿವೆ. ಎಲೆಯನ್ನು ಕಿತ್ತು, ಸರಳ ಹಿನ್ನೆಲೆಯ ಮೇಲಿಟ್ಟು ತೆಗೆದವು. ಅದೇ ಸಂಗ್ರಹದ ಒಂದು ಭಾಗದಲ್ಲಿ ಕಲಿಸಿ ಇನ್ನೊಂದು ಭಾಗದಲ್ಲಿ ಪರೀಕ್ಷಿಸಿದರೆ ತೊಂಬತ್ತರ ಮೇಲೆ ಬರುವುದು ದೊಡ್ಡ ಮಾತಲ್ಲ. 2016ರಲ್ಲಿ ಈ ಸಂಗ್ರಹದ ಮೇಲೆ ಮೊಹಾಂತಿ ಮತ್ತು ಸಂಗಡಿಗರು ಪ್ರಕಟಿಸಿದ ಹೆಸರಾಂತ ಪ್ರಬಂಧದಲ್ಲಿ ನಿಖರತೆ 99.35% ಇತ್ತು. ಬೇರೆ ಸನ್ನಿವೇಶದಲ್ಲಿ ತೆಗೆದ ಚಿತ್ರಗಳ ಮೇಲೆ ಅದೇ ಮಾದರಿಯನ್ನು ಪರೀಕ್ಷಿಸಿದಾಗ ಅದು 31%ರ ಆಸುಪಾಸಿಗೆ ಕುಸಿಯಿತು ಎಂಬುದನ್ನೂ ಅದೇ ಪ್ರಬಂಧದಲ್ಲಿ ಅವರು ಮುಚ್ಚಿಡದೆ ಬರೆದಿದ್ದಾರೆ. ಈ ಕ್ಷೇತ್ರ ಬಲ್ಲ ಸಂದರ್ಶಕರಿಗೆ 98% ಎಂಬ ಅಂಕಿ ಸಾಧನೆಯಾಗಿ ಕಾಣುವುದಿಲ್ಲ. ‘ಯಾವ ಚಿತ್ರಗಳ ಮೇಲೆ?’ ಎಂಬ ಪ್ರಶ್ನೆಯಾಗಿ ಕಾಣುತ್ತದೆ.

ಆ ಪ್ರಶ್ನೆಯನ್ನು ಕಾರ್ಯಾಗಾರದಲ್ಲೇ ಕೇಳಿದಾಗ ಹಿಂದಿನ ಬೆಂಚಿನಿಂದ ಒಬ್ಬ ಅಳುಕುತ್ತಲೇ ಹೇಳುತ್ತಾನೆ: “ಸರ್, ನಾನು ಕೋಲಾರದ ಹತ್ತಿರ ನಮ್ಮ ಚಿಕ್ಕಪ್ಪನ ಟೊಮೆಟೊ ತೋಟದಲ್ಲಿ ಮೊಬೈಲಲ್ಲಿ ನೂರೈವತ್ತು ಫೋಟೋ ತೆಗೆದು ಹಾಕಿ ನೋಡಿದ್ದೆ. ನೂರರಲ್ಲಿ ಅರವತ್ತೂ ಸರಿಯಾಗಿ ಬರಲಿಲ್ಲ. ಅದನ್ನ ರಿಪೋರ್ಟಲ್ಲಿ ಹಾಕೋದು ಬೇಡ ಅಂತ ಬಿಟ್ವಿ.”

ಪ್ರಾಜೆಕ್ಟಿನಲ್ಲಿ ಅತ್ಯಂತ ಬೆಲೆಬಾಳುವ ಕೆಲಸ ಯಾವುದೋ ಅದನ್ನೇ ಬಿಟ್ಟಿದ್ದಾರೆ. ನಾಲ್ವರಲ್ಲಿ ಇವನೊಬ್ಬನೇ ಮಾದರಿಯನ್ನು ಕಾಲೇಜಿನ ಹೊರಗೆ ಒಯ್ದವನು.

ಆಮೇಲೆ: *ನಾಲ್ವರ ತಂಡದಲ್ಲಿ ದತ್ತಾಂಶ ಮತ್ತು ಪರೀಕ್ಷೆ ನನ್ನ ಪಾಲು: ಪೈಥಾನ್, ಟೆನ್ಸರ್‌ಫ್ಲೋ ಬಳಸಿ ಕಟ್ಟಿದ ಟೊಮೆಟೊ ಎಲೆರೋಗ ಮಾದರಿಯನ್ನು ಪ್ಲಾಂಟ್‌ವಿಲೇಜ್ ಚಿತ್ರಗಳ ಮೇಲೆ ಪರೀಕ್ಷಿಸಿದೆ (ನಿಖರತೆ 98%).*

*ತೋಟದಲ್ಲಿ ಮೊಬೈಲಿನಿಂದ ತೆಗೆದ 150 ಚಿತ್ರಗಳ ಮೇಲೆ ಮರುಪರೀಕ್ಷೆ ಮಾಡಿ ನಿಖರತೆ 58%ಗೆ ಇಳಿಯುವುದನ್ನು ಕಂಡುಕೊಂಡೆ. ಹಿನ್ನೆಲೆ, ಬೆಳಕು ಮತ್ತು ಒಂದರ ಮೇಲೊಂದು ಬಿದ್ದ ಎಲೆಗಳು ಕಾರಣವೆಂದು ತಪ್ಪಾದ ಚಿತ್ರಗಳನ್ನು ವಿಂಗಡಿಸಿ ತೋರಿಸಿದೆ.*

“ಸೋತದ್ದನ್ನು ಬರೆದರೆ ಕೆಲಸ ಕೊಡ್ತಾರಾ ಸರ್?” ಎಂದು ಕೇಳುತ್ತಾರೆ. ಎಲ್ಲ ಕಡೆಯೂ ಕೊಡುತ್ತಾರೆಂದು ನಾನು ಹೇಳಲಾರೆ. ನೂರಾರು ಜನರನ್ನು ಒಂದೇ ದಿನ ಮಾತಾಡಿಸುವ ದೊಡ್ಡ ನೇಮಕಾತಿಯಲ್ಲಿ ಈ ಸಾಲನ್ನು ಯಾರೂ ಓದದೆಯೂ ಇರಬಹುದು. ಆದರೆ ಸಾಫ್ಟ್‌ವೇರ್ ಪರೀಕ್ಷೆ, ದತ್ತಾಂಶ ವಿಶ್ಲೇಷಣೆಯಂಥ ಕೆಲಸಗಳಿಗೆ ಬೇಕಾಗುವುದೇ ಈ ಬುದ್ಧಿ: ಎಲ್ಲ ಸರಿಯಾಗಿದೆ ಎಂದು ಎಲ್ಲರೂ ಹೇಳುವಾಗ ಬೇರೆ ಕಡೆ ಒಯ್ದು ನೋಡುವುದು. ಅಂಥ ಕೆಲಸಕ್ಕೆ ಜನ ಹುಡುಕುವವರ ಕಣ್ಣು 58ರ ಮೇಲೆ ನಿಲ್ಲುತ್ತದೆ. ಒಂದು ಎಚ್ಚರ ಮಾತ್ರ ಬೇಕು. ಆ ಅಂಕಿಯನ್ನು ನೆನಪಿನಿಂದ ಬರೆಯದೆ, ಹಳೆಯ ಲ್ಯಾಪ್‌ಟಾಪ್ ತೆರೆದು ಫೋಟೋಗಳನ್ನು ಮತ್ತೆ ಹಾಕಿ ಎಣಿಸಿಯೇ ಬರೆಯಬೇಕು.

ಇಷ್ಟಾದ ಮೇಲೆ ಯಾರೋ ಒಬ್ಬರು ಎದ್ದು ನಿಲ್ಲುವುದುಂಟು: ನನಗೆ ಇಂಟರ್ನ್‌ಶಿಪ್ಪೂ ಇಲ್ಲ, ಹೇಳಿಕೊಳ್ಳುವಂಥ ಪ್ರಾಜೆಕ್ಟೂ ಇಲ್ಲ. ಇವರಲ್ಲಿ ಹಲವರ ರೆಸ್ಯೂಮೆಯಲ್ಲಿ ಒಂದಷ್ಟು ಆನ್‌ಲೈನ್ ಪ್ರಮಾಣಪತ್ರಗಳ ಪಟ್ಟಿ ಇರುತ್ತದೆ. ಹಣ ಕಟ್ಟಿ, ಒಂದು ತಿಂಗಳು ಮನೆಯಲ್ಲೇ ಕೂತು ಪಡೆದ ‘ಇಂಟರ್ನ್‌ಶಿಪ್’ ಕೂಡ ಅದರಲ್ಲಿ ಸೇರಿರುತ್ತದೆ. ಆ ಕಾಗದಗಳ ಬೆಲೆ ಓದುವವರಿಗೆ ಗೊತ್ತಿದೆ. ಕಲಿತದ್ದರಿಂದ ಏನಾದರೂ ಮಾಡಿದ್ದರೆ ಅದನ್ನು ಬರೆಯಿರಿ, ಇಲ್ಲದಿದ್ದರೆ ಒಂದೇ ಸಾಲಿನಲ್ಲಿ ಹೆಸರು ಹೇಳಿ ಮುಂದೆ ಹೋಗಿ ಎಂದಷ್ಟೇ ಹೇಳುತ್ತೇನೆ.

ಆದರೆ ಅದೇ ಹಾಳೆಯ ಕೆಳಗೆ, ಹವ್ಯಾಸಗಳ ಹತ್ತಿರ, ಇನ್ನೊಂದು ಸಾಲು ಮುದುಡಿಕೊಂಡು ಕೂತಿರುತ್ತದೆ.

ಮೊದಲು: *ಎನ್ಎಸ್ಎಸ್ ಶಿಬಿರದಲ್ಲಿ ಭಾಗವಹಿಸಿದ್ದೇನೆ.*

ಎನ್ಎಸ್ಎಸ್ ವಿಶೇಷ ಶಿಬಿರವೆಂದರೆ ಒಂದು ಹಳ್ಳಿಯಲ್ಲಿ ಏಳು ದಿನ. ಅಲ್ಲಿ ನೀನು ಏನು ಮಾಡಿದೆಯಪ್ಪಾ ಎಂದರೆ “ಅಡುಗೆ ಕಮಿಟಿ” ಎಂದು ನಗುತ್ತಾನೆ. ಉಳಿದವರೂ ನಗುತ್ತಾರೆ. ಕೆದಕಿದರೆ, ಐವತ್ತು ಜನಕ್ಕೆ ದಿನಕ್ಕೆ ಎರಡು ಊಟ, ಒಂದು ತಿಂಡಿ. ಕೊಟ್ಟ ಹಣ ಇಷ್ಟೇ. ಎರಡನೆಯ ದಿನ ಅನ್ನ ಮಿಕ್ಕಿ ಹಾಳಾಯಿತು, ಆಮೇಲೆ ಇವನು ಹಿಂದಿನ ರಾತ್ರಿಯೇ ತಲೆ ಎಣಿಸಿ ಅಕ್ಕಿ ಅಳೆದು ಕೊಡಲು ಶುರು ಮಾಡಿದ. ಕೊನೆಯ ದಿನ ಬಿಲ್ಲುಗಳನ್ನೆಲ್ಲ ಜೋಡಿಸಿ ಅಧಿಕಾರಿಗೆ ಲೆಕ್ಕ ಒಪ್ಪಿಸಿದ.

ಆಮೇಲೆ: *ಏಳು ದಿನಗಳ ಎನ್ಎಸ್ಎಸ್ ಶಿಬಿರದಲ್ಲಿ 50 ಜನರ ಊಟದ ದಿನಸಿ ಖರೀದಿ ಮತ್ತು ಖರ್ಚಿನ ಲೆಕ್ಕ ನೋಡಿಕೊಂಡೆ; ಹಿಂದಿನ ರಾತ್ರಿಯೇ ಹಾಜರಾತಿ ಎಣಿಸಿ ಅಳತೆ ನಿಗದಿಪಡಿಸಿ ಅನ್ನ ವ್ಯರ್ಥವಾಗುವುದನ್ನು ತಡೆದೆ; ನಿಗದಿತ ಹಣದೊಳಗೆ ಮುಗಿಸಿ ಬಿಲ್ ಸಮೇತ ಲೆಕ್ಕ ಒಪ್ಪಿಸಿದೆ.*

ಗೋದಾಮು, ಸರಕು ಸಾಗಣೆ, ಸೂಪರ್ ಮಾರ್ಕೆಟ್, ಹೋಟೆಲ್ ಯಾವುದರ ನೇಮಕಾತಿಯವರಿಗಾದರೂ ಇದು ಅರ್ಥವಾಗುವ ಭಾಷೆ. ‘ನಾಯಕತ್ವ ಗುಣ’ ಎಂದು ಬರೆಯುವ ಅಗತ್ಯವೇ ಬೀಳಲಿಲ್ಲ.

ಮನೆಯ ಅಂಗಡಿಯ ವಿಷಯದಲ್ಲಂತೂ ಮಕ್ಕಳು ಬಾಯಿಯೇ ಬಿಡುವುದಿಲ್ಲ. ಅಪ್ಪನ ಕಿರಾಣಿ ಅಂಗಡಿಯಲ್ಲಿ ಕಾಲೇಜು ಮುಗಿಸಿ ದಿನಾ ಮೂರು ಗಂಟೆ ಗಲ್ಲಾ ಮೇಲೆ ಕೂತ ಹುಡುಗಿ ರೆಸ್ಯೂಮೆಯಲ್ಲಿ ಅನುಭವ ‘ಇಲ್ಲ’ ಎಂದು ಬರೆಯುತ್ತಾಳೆ. ಅಪ್ಪನ ಉದ್ರಿ ಪುಸ್ತಕವನ್ನು ಎಕ್ಸೆಲ್ಲಿಗೆ ಇಳಿಸಿದವಳು ಅವಳೇ. ಯಾರ ಬಾಕಿ ಎರಡು ತಿಂಗಳು ದಾಟಿತು ಎಂದು ಪ್ರತಿ ಭಾನುವಾರ ಪಟ್ಟಿ ತೆಗೆದು ಅಪ್ಪನ ಕೈಗೆ ಕೊಡುತ್ತಾಳೆ. ಬ್ಯಾಂಕು, ಹಣಕಾಸು ಕಂಪನಿಗಳಲ್ಲಿ ಇದೇ ಕೆಲಸಕ್ಕೆ ಪ್ರತ್ಯೇಕ ವಿಭಾಗವಿದೆ, ಸಂಬಳ ಕೊಡುತ್ತಾರೆ.

ಆಮೇಲೆ: *ಕುಟುಂಬದ ಕಿರಾಣಿ ಅಂಗಡಿಯಲ್ಲಿ ಎರಡು ವರ್ಷ ಸಂಜೆಯ ಹೊತ್ತು ಕೆಲಸ; ಸುಮಾರು 80 ಗ್ರಾಹಕರ ಉದ್ರಿ ಲೆಕ್ಕವನ್ನು ಪುಸ್ತಕದಿಂದ ಎಕ್ಸೆಲ್‌ಗೆ ತಂದು, 60 ದಿನ ಮೀರಿದ ಬಾಕಿಗಳ ಪಟ್ಟಿಯನ್ನು ವಾರಕ್ಕೊಮ್ಮೆ ತಯಾರಿಸಿದೆ.*

ಇಲ್ಲಿ ‘ಕುಟುಂಬದ’ ಎಂಬ ಮಾತನ್ನು ತೆಗೆಯಬಾರದು. ಅದನ್ನು ಮುಚ್ಚಿಟ್ಟು ಅಂಗಡಿಗೆ ಕಂಪನಿಯ ಹೆಸರು ಕೊಟ್ಟು, ತಾನು ‘ಅಕೌಂಟ್ಸ್ ಎಕ್ಸಿಕ್ಯೂಟಿವ್’ ಎಂದು ಬರೆದುಕೊಂಡರೆ ಅನುಭವ ಪತ್ರ, ಸಂಬಳದ ಚೀಟಿ ಕೇಳುತ್ತಾರೆ. ನೇಮಕದ ನಂತರ ಹಿನ್ನೆಲೆ ಪರಿಶೀಲನೆ ಮಾಡುವ ಕಂಪನಿಗಳು ಹಲವಿವೆ. ಸಿಕ್ಕ ಕೆಲಸ ಆ ಹಂತದಲ್ಲಿ ಕೈತಪ್ಪಬಹುದು.

ಸಾಲುಗಳು ಸಿದ್ಧವಾದ ಮೇಲೆ ಉಳಿದದ್ದು ಬೇಗ ಮುಗಿಯುತ್ತದೆ. ಫ್ರೆಶರ್‌ಗೆ ಒಂದು ಪುಟ ಸಾಕು. ಗುರಿ, ಘೋಷಣೆ, ತಂದೆಯ ಹೆಸರು, ವೈವಾಹಿಕ ಸ್ಥಿತಿ ತೆಗೆದರೆ ಜಾಗ ತಾನೇ ಸಿಗುತ್ತದೆ. ಜನ್ಮದಿನಾಂಕವನ್ನೋ ಫೋಟೋವನ್ನೋ ಕಂಪನಿಯವರು ಕೇಳಿದ್ದರೆ ಕೊಡಿ. ಹೆಚ್ಚು ಗಟ್ಟಿಯಾದ ಸಾಲು ಮೇಲಿರಲಿ, ಕಣ್ಣು ಮೊದಲು ಹೋಗುವುದು ಅಲ್ಲಿಗೆ. ಕನ್ನಡದಿಂದ ಇಂಗ್ಲಿಷಿಗೆ ತರುವಾಗ ಕ್ರಿಯಾಪದವನ್ನು ಸಾಲಿನ ಮೊದಲಿಗೆ ತಂದು, ‘ನಾನು’ ಬಿಟ್ಟು, ಭೂತಕಾಲದಲ್ಲಿ ಬರೆಯುವುದು ರೂಢಿ. ಅಲ್ಲಿಯೂ ಸಾದಾ ಕ್ರಿಯಾಪದಗಳೇ ಸಾಕು. ಎಂಟ್ರಿ ಮಾಡಿದವಳು ಮಾಡಿದೆ ಎನ್ನಲಿ, ‘ಮುನ್ನಡೆಸಿದೆ’ ಎನ್ನಬೇಕಿಲ್ಲ. ಭಾಷೆ ತಿದ್ದಲು ಇಂಗ್ಲಿಷ್ ಮೇಷ್ಟ್ರ ಹತ್ತಿರ ಹೋಗಿ, ಆದರೆ ಅವರು ಹಾಕಿಕೊಟ್ಟ ಪದದ ಅರ್ಥ ಬಾರದಿದ್ದರೆ ಅದನ್ನು ಬಿಡಿ.

ಜಾಬ್ ಪೋರ್ಟಲ್ಲಿನಿಂದ ಅರ್ಜಿ ಹಾಕುವವರಿಗೆ ಎಟಿಎಸ್ ಎಂಬ ಭೂತದ ಭಯ ವಿಪರೀತ. ಅದು ಬಂದ ಅರ್ಜಿಗಳನ್ನು ಜೋಡಿಸಿಡುವ, ಅದರೊಳಗಿನ ಪಠ್ಯವನ್ನು ಓದಿ ಹುಡುಕಲು ಅನುಕೂಲ ಮಾಡುವ ಸಾಫ್ಟ್‌ವೇರ್. ‘ಟ್ಯಾಲಿ’ ಎಂದು ಹುಡುಕಿದರೆ ಟ್ಯಾಲಿ ಎಂಬ ಪದವಿರುವ ಅರ್ಜಿಗಳು ಮೇಲೆ ಬರುತ್ತವೆ. ಆದ್ದರಿಂದ ಜಾಹೀರಾತಿನಲ್ಲಿ ಕೇಳಿರುವ ಸಾಧನ ನಿಮಗೆ ಬರುವುದೇ ಆದರೆ ಅದೇ ಹೆಸರಿನಿಂದ ಬರೆಯಬೇಕು. ತೊಂದರೆ ಬರುವುದು ಚೆಂದದ ಟೆಂಪ್ಲೇಟುಗಳಿಂದ. ಎರಡು ಕಾಲಂ, ಪಟ್ಟಿಗಳೊಳಗೆ ಪಟ್ಟಿ, ಚಿತ್ರದ ರೂಪದಲ್ಲಿರುವ ಅಕ್ಷರ ಇವುಗಳಿದ್ದಾಗ ಸಾಲುಗಳು ಹಿಂದುಮುಂದಾಗಿ ಓದಿಬರುತ್ತವೆ. ಪರೀಕ್ಷೆ ಸುಲಭ: ಪಿಡಿಎಫ್ ತೆರೆದು, ಎಲ್ಲವನ್ನೂ ಆಯ್ಕೆ ಮಾಡಿ, ಕಾಪಿ ಮಾಡಿ ನೋಟ್‌ಪ್ಯಾಡಿನಲ್ಲಿ ಅಂಟಿಸಿ. ಅಲ್ಲಿ ಮೇಲಿಂದ ಕೆಳಗೆ ಓದಲು ಬಂದರೆ ಯಂತ್ರಕ್ಕೂ ಬರುತ್ತದೆ. ನಿಮ್ಮ ಫೋನ್ ನಂಬರು ಅಂಕಗಳ ಪಟ್ಟಿಯ ನಡುವೆ ಹೋಗಿ ಕೂತಿದ್ದರೆ, ಅಥವಾ ಏನೂ ಅಂಟದಿದ್ದರೆ, ಒಂದೇ ಕಾಲಮಿನ ಸಾದಾ ಹಾಳೆಗೆ ಬನ್ನಿ.

ಅದೇ ಪಿಡಿಎಫ್‌ನ ಪ್ರಾಪರ್ಟೀಸ್ ತೆರೆದು ಲೇಖಕರ ಹೆಸರಿನ ಜಾಗವನ್ನೂ ಒಮ್ಮೆ ನೋಡಿ. ಸೀನಿಯರ್ ಕೊಟ್ಟ ವರ್ಡ್ ಫೈಲಿನಿಂದಲೇ ಮಾಡಿದ್ದರೆ ಅಲ್ಲಿ ಅವರ ಹೆಸರೋ, ಟೈಪ್ ಮಾಡಿಕೊಟ್ಟ ಸೈಬರ್ ಸೆಂಟರಿನ ಹೆಸರೋ ಇರಬಹುದು. ಹಾಗಿದ್ದರೆ ವರ್ಡ್‌ನಲ್ಲೇ ಅದನ್ನು ಅಳಿಸಿ, ನಿಮ್ಮ ಹೆಸರು ಹಾಕಿ, ಮತ್ತೆ ಪಿಡಿಎಫ್ ಮಾಡಿ. ಫೈಲಿಗೂ ‘ಫೈನಲ್ ನ್ಯೂ 2’ ಬೇಡ, ನಿಮ್ಮ ಹೆಸರೇ ಇರಲಿ.